ಇರುವೆಯ ಕೊನೆಯ ಮಾತು

ನಾಟಕದ ಟೀಚರ್ ಎಂದೇ ಅವರಿಗೆ ಹೆಸರು. ಮೂರನೇ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರೆ ಅವರ ನಾಟಕದಲ್ಲಿ ಇಪ್ಪತ್ತೆಂಟು ಪಾತ್ರ. ಮರವಾಗಿ ನಿಂತ ಮಗುವಿಗೂ ಒಂದು ಮಾತು ಇರಲೇಬೇಕು, ಆದರೆ ನಾಲ್ಕೈದು ಪದ ಮೀರಬಾರದು. ಒಬ್ಬರ ಕೊನೆಯ ಪದದಿಂದಲೇ ಮುಂದಿನವರ ಮಾತು ಶುರುವಾಗುತ್ತಿತ್ತು, ಮರೆಯುವ ಭಯವಿಲ್ಲ. ಈ ವರ್ಷದ್ದು ಇಕ್ಕಟ್ಟಾದ ಸೇತುವೆಯ ಮೇಲೆ ಪ್ರಾಣಿಗಳ ಜಗಳ. "ಸೇತುವೆ ನನ್ನದು, ನಾನೇ ಮೊದಲು" ಎಂದು ಆನೆ. "ಮೊದಲು ಬಂದವನು ನಾನು" ಎಂದು ಮೊಲ. "ನಾನು ಜಾಣ, ನೀನು ಅತ್ತ ಸರಿ" ಎಂದು ನರಿ. ಯಾರಾದರೂ ತಡವರಿಸಿದರೆ ಉಳಿದವರೆಲ್ಲ "ನಾನೇ ಮೊದಲು" ಎಂದು ಕೂಗಿ ತೇಲಿಸಿಬಿಡಬೇಕು. ಮುಂದಿನ ಹಲ್ಲು ಬಿದ್ದವನಿಗೆ 'ಸ' ಇಲ್ಲದ ಮಾತು.

ನೀತಿಯನ್ನು ಮಾತ್ರ ಅವರು ಯಾವಾಗಲೂ ಕೊನೆಗೆ, ಅತಿ ಚಿಕ್ಕ ಪಾತ್ರದ ಬಾಯಿಗೆ ಇಡುತ್ತಿದ್ದರು. ಕೊನೆಯ ಮಾತೇ ಮನಸ್ಸಿನಲ್ಲಿ ಉಳಿಯುವುದು ಎಂಬ ನಂಬಿಕೆ. ಈ ಸಲ ಅದು ಇರುವೆಯದು: "ದಾರಿ ಬಿಟ್ಟರೆ ದಾರಿ ಸಿಗುತ್ತೆ."

ಇರುವೆಯಾದವಳು ಇಸ್ತ್ರಿ ಅಂಗಡಿಯವಳ ಮಗಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ಶಾಲೆಯಲ್ಲಿ ಎರಡು ವರ್ಷದಿಂದ ತುಟಿ ಬಿಚ್ಚಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಈ ಮಗುವನ್ನು ನೋಡಿರಲಿಲ್ಲ. ಟೀಚರ್ ಒಂದು ತಿಂಗಳು ಅವಳಿಂದ ಆ ಮಾತನ್ನು ಮೊದಲು ಕಿವಿಯಲ್ಲಿ, ಆಮೇಲೆ ಗೋಡೆಗೆ, ಕೊನೆಗೆ ತರಗತಿಯ ಮುಂದೆ ಹೇಳಿಸಿದರು. ಅವಳ ದನಿ ಕೇಳಿದ ದಿನ ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ವಾರ್ಷಿಕೋತ್ಸವದ ದಿನ ತಾಯಿ ಅಂಗಡಿ ಮುಚ್ಚಿ ಬಂದಿದ್ದಳು. "ಮೇಡಂ, ಅವಳು ಮಾತಾಡಿದಾಗ ನಾನು ಚಪ್ಪಾಳೆ ಹೊಡೀಬಹುದಾ?"

"ಕೈ ನೋಯೋವರೆಗೂ ಹೊಡೀರಮ್ಮ."

ಶಿಸ್ತಿನ ಬಗ್ಗೆ ಎರಡು ಮಾತು ಎಂದು ಎದ್ದ ಮುಖ್ಯ ಅತಿಥಿ ಮುಕ್ಕಾಲು ಗಂಟೆ ಕೊರೆದರು. "ನಾಟಕ ಆರೇ ನಿಮಿಷದಲ್ಲಿ ಮುಗಿಸಿ, ಅವರು ಹೊರಡ್ಬೇಕು" ಎಂದರು ಹೆಡ್‌ಮಾಸ್ಟರು.

ಯಾರ ಮಾತು ಕಡಿಯುವುದು? ಒಬ್ಬರದು ತೆಗೆದರೆ ಮುಂದಿನವರು ಹಿಡಿಯುವ ಪದವೇ ಇಲ್ಲ. ಇರುವೆಯನ್ನು ಮುಂದೆ ತಂದರೆ ನಾಟಕವೇ ಅಲ್ಲಿಗೆ ಮುಗಿಯುತ್ತದೆ. ತಾವೇ ಹೆಣೆದ ಬಲೆಯಲ್ಲಿ ಟೀಚರ್ ಸಿಕ್ಕಿಬಿದ್ದರು. ಬೇಗ ಬೇಗ ಹೇಳಿಸಿದರಾಯಿತು ಎಂದುಕೊಂಡು ಮಕ್ಕಳನ್ನು ಬಿಟ್ಟರು.

ಇಪ್ಪತ್ತೇಳು ಮಾತು ಮುಗಿದವು. ಇರುವೆ ಸೇತುವೆಯ ನಡುವೆ ಬಂದು ಉಸಿರೆಳೆದುಕೊಂಡಳು. ಹೆಡ್‌ಮಾಸ್ಟರು ಕೈ ಬೀಸಿದರು. "ಒಂದೇ ಮಾತು ಸಾರ್" ಎಂದು ಟೀಚರ್ ಓಡುವಷ್ಟರಲ್ಲಿ ಜವಾನ ಪರದೆ ಎಳೆದಿದ್ದ. ಬಾಯಿ ತೆರೆದೇ ನಿಂತಿದ್ದ ಮಗು ನಿಧಾನವಾಗಿ ಅದನ್ನು ಮುಚ್ಚಿಕೊಂಡಿತು.

ಜನ ಎದ್ದರೂ ತಾಯಿ ಎರಡೂ ಕೈ ಸಿದ್ಧವಾಗಿಟ್ಟುಕೊಂಡು ಕೂತೇ ಇದ್ದಳು. "ಇವಳದು ಯಾವಾಗ ಬರುತ್ತೆ ಮೇಡಂ?"



ಸೋಮವಾರ ಹಾಜರಿಗೆ ಇರುವೆ ಮೊದಲಿನಂತೆ ಬರೀ ಬೆರಳೆತ್ತಿದಳು. "ನನಗೊಬ್ಬಳಿಗೇ ಹೇಳು ಪುಟ್ಟಿ, ಕಿವೀಲಿ" ಎಂದು ಟೀಚರ್ ಬಗ್ಗಿದರು. ಅವಳು ತಲೆಯಾಡಿಸಿದಳು, ಬೇಡ ಎಂದು. ಆಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ನೂಕಾಡುತ್ತಿದ್ದ ಇಪ್ಪತ್ತೇಳು ಮಕ್ಕಳು "ದಾರಿ ಬಿಟ್ಟರೆ ದಾರಿ ಸಿಗುತ್ತೆ" ಎಂದು ಒಂದೇ ದನಿಯಲ್ಲಿ ಕೂಗಿದರು. ಮಾತು ಎಲ್ಲರಿಗೂ ಬಾಯಿಪಾಠವಾಗಿತ್ತು. ಆ ಮಾತು ಯಾರದಾಗಿತ್ತೋ ಅವಳು ಮಾತ್ರ ಗೋಡೆಗೊರಗಿ, ತುಟಿ ಬಿಗಿದು ಕೇಳಿಸಿಕೊಳ್ಳುತ್ತಿದ್ದಳು.