ಫ್ರೀಜರಿನಲ್ಲಿ ಉಳಿಸಿದ ಅರ್ಧ ಡಬ್ಬಿ

ಬೆಳಿಗ್ಗೆ ಜೋಳದ ಹಿಟ್ಟು ನಾದಿ ಆರು ರೊಟ್ಟಿ ಬಡಿದೆ. ಸೋರುತ್ತಿದ್ದ ಕುಕ್ಕರಿನ ರಬ್ಬರನ್ನು ತಿರುಗಿಸಿ ಹಾಕಿದೆ. ದಿಲ್‌ಸುಖ್‌ನಗರದ ನಮ್ಮ ಲ್ಯಾಬಿಗೆ ಬಂದು ಫ್ರೀಜರಿನ ತಾಪ ಬರೆದುಕೊಂಡೆ, ಯಂತ್ರ ಸರಿಯಿದೆಯೇ ಎಂದು ನೋಡಿದೆ, ಹನ್ನೊಂದು ಮೂತ್ರದ ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಹೊರಗೆ ಬೆಂಚಿನ ಮೇಲೆ ವರದಿಗೆ ಕಾಯುವ ಡ್ರೈವರ್ ಒಬ್ಬ ಆಗಲೇ ಬಂದು ಕೂತಿದ್ದ.

ಹುಮನಾಬಾದ್ ಕಡೆಯವನು. ಶಾಲೆಯ ಬಸ್ಸು ಓಡಿಸುವ ಕೆಲಸ ಗೊತ್ತಾಗಿತ್ತು. ಮೂತ್ರದಲ್ಲಿ ಮಾದಕವಸ್ತು ಇಲ್ಲವೆಂದು ನಮ್ಮ ವರದಿ ಹೋಗುವುದೊಂದೇ ಬಾಕಿ. ನಾಲ್ಕು ದಿನದ ಹಿಂದೆ ಆಂಫೆಟಮಿನ್ ಎಂಬ ಮಾದಕದ ಸಾಲಿನಲ್ಲಿ ಪಾಸಿಟಿವ್ ಬಂತು.

“ಅಕ್ಕಾರ, ನಾ ಬೀಡಿ ಸೈತ ಸೇದಂಗಿಲ್ರಿ. ನೆಗಡಿ ಆಗಿತ್ತು, ಕೋಠಿ ಬಜಾರದ ಔಷಧ ಅಂಗಡ್ಯಾಗ ಗುಳಿಗಿ ತಗೊಂಡಿದ್ದೆ.”

“ಮತ್ತೇನ್ ತಗೊಂಡಿ?”

“ಚಹಾ. ಅದಕ್ಕೂ ಪಾಸಿಟಿವ್ ಬರ್ತದಂದ್ರ ಹೈದರಾಬಾದ ಪೂರಾ ಜೇಲಿಗಿ ಹೋಗ್ಬೇಕಾಗ್ತದರಿ.”

ಮೊದಲ ಪರೀಕ್ಷೆಯಲ್ಲಿ ಪ್ರತಿಕಾಯ ಎಂಬ ಪ್ರೋಟೀನು ಮಾದಕದ ಅಣುವನ್ನು ಅದರ ಚಹರೆ ನೋಡಿ ಹಿಡಿಯುತ್ತದೆ. ಅದೇ ಚಹರೆಯ ನೆಗಡಿ ಔಷಧವನ್ನೂ ಹಿಡಿದುಬಿಡಬಹುದು. ಎಷ್ಟಕ್ಕೆ ಪಾಸಿಟಿವ್ ಎನ್ನುವ ಗೆರೆ ಮನುಷ್ಯರು ಎಳೆದದ್ದು. ಬಸ್ಸಿನ ಕಂಪನಿ ಮಿಲಿಲೀಟರಿಗೆ ಐನೂರು ನ್ಯಾನೋಗ್ರಾಂನ ಗೆರೆ ಕೇಳಿತ್ತು. ಸಾವಿರದ ಗೆರೆಯಾಗಿದ್ದರೆ ಇವನ ಅಂಕಿ ಅದರ ಕೆಳಗೇ ಉಳಿಯುತ್ತಿತ್ತು. ಗೆರೆ ಇಳಿಸಿದಷ್ಟೂ ಸೇವಿಸಿದವರು ಹೆಚ್ಚು ಸಿಕ್ಕುತ್ತಾರೆ, ಅವರ ಜೊತೆ ಸೇವಿಸದವರೂ.

ವರ್ಷಗಳ ಹಿಂದೆ ಇದೇ ಬೆಂಚಿನ ಮೇಲೆ ಇನ್ನೊಬ್ಬ ಡ್ರೈವರ್ ಕೂತಿದ್ದ. ನಮ್ಮ ಲ್ಯಾಬಿನ ಮ್ಯಾನೇಜರ್ ಅವಸರ ಮಾಡಿದರು. ನಾನು “ಪಾಸಿಟಿವ್” ಎಂದಷ್ಟೇ ಬರೆದು ಸಹಿ ಹಾಕಿದೆ, ಇನ್ನೂ ದೃಢಪಟ್ಟಿಲ್ಲ ಎಂದು ಬರೆಯಲಿಲ್ಲ. ಅವನ ಕೆಲಸ ಹೋಯಿತು. ವಾರ ಕಳೆದು ಬಂದು, “ಅದನ್ನೇ ಇನ್ನೊಮ್ಮೆ ನೋಡ್ರಿ ಅಕ್ಕಾರ,” ಅಂದ. ಸಂಜೆಗೆ ಎಲ್ಲ ಡಬ್ಬಿ ಸಿಂಕಿಗೆ ಚೆಲ್ಲುವುದು ಆಗ ನಮ್ಮ ರೂಢಿ. ಅವನದನ್ನು ನಾನೇ ಚೆಲ್ಲಿದ್ದೆ. ಹೊಸ ಡಬ್ಬಿ ತುಂಬಿಕೊಂಡು ಬಂದ. ಅದು ಆ ದಿನದ ಮಾತು ಹೇಳಲಾರದು ಎಂದೆ. ಡಬ್ಬಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ. ಇವತ್ತಿಗೂ ಸಿಂಕಿನ ನಲ್ಲಿ ತಿರುಗಿಸಿದರೆ ಬಾಗಿಲ ಕಡೆ ನೋಡುತ್ತೇನೆ.

ಅಂದಿನಿಂದ ಪಾಸಿಟಿವ್ ಬಂದ ಪ್ರತಿ ಡಬ್ಬಿಯಲ್ಲಿ ಅರ್ಧ ಫ್ರೀಜರಿನಲ್ಲಿರುತ್ತದೆ. ಈ ಸಲವೂ ಮ್ಯಾನೇಜರ್ ಅವಸರ ಮಾಡಿದರು. “ದೃಢೀಕರಣ ಬಾಕಿ” ಎಂದೇ ಕಳಿಸಿ, ಉಳಿದರ್ಧವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬಿಗೆ ಕೊಟ್ಟೆ. ಅಲ್ಲಿ ಮೂತ್ರದೊಳಗಿನ ವಸ್ತುಗಳನ್ನು ಬೇರೆಬೇರೆ ಮಾಡಿ, ಅಣುವನ್ನು ಒಡೆದು, ಚೂರುಗಳ ತೂಕದಿಂದ ಗುರುತಿಸುತ್ತಾರೆ. ಚಹರೆಗೆ ಅಲ್ಲಿ ಮೋಸಹೋಗುವುದಿಲ್ಲ.

ಇವತ್ತು ಮಧ್ಯಾಹ್ನ ಆ ಲ್ಯಾಬಿನ ವರದಿ ಬಂತು. ಆಂಫೆಟಮಿನ್ ಇಲ್ಲ, ಮೆಥಾಂಫೆಟಮಿನ್ ಇಲ್ಲ. ಸ್ಯೂಡೊಎಫೆಡ್ರಿನ್ ಇದೆ.

“ಅಂದ್ರೇನ್ರಿ ಅಕ್ಕಾರ?”

“ನಿನ್ನ ನೆಗಡಿ ಗುಳಿಗಿ. ಹೋಗಿ ಬಸ್ ಹೊಡಿ ತಮ್ಮಾ.”

ಅವನು ಕೈಮುಗಿದು ಓಡಿದ. ಬೆಂಚು ಖಾಲಿಯಾಯಿತು, ನನಗೆ ಮಾತ್ರ ಹಾಗೆ ಕಾಣಲಿಲ್ಲ. ಆ ಮೊದಲಿನವನು ಸೇವಿಸಿದ್ದನೋ ಇಲ್ಲವೋ, ಈಗ ತೂಗಲು ಏನೂ ಉಳಿದಿಲ್ಲ.

ರಾತ್ರಿ ಮನೆಯಲ್ಲಿ ನಾನೂ ಯಜಮಾನರೂ ಬೆಳಗಿನ ರೊಟ್ಟಿ, ಪುಂಡಿ ಪಲ್ಯ, ಮೊಸರು ಉಂಡೆವು. ಪಾತ್ರೆ ನಾಳೆ ತೊಳೆದರಾಯಿತೆಂದು ನಲ್ಲಿ ಮುಟ್ಟಲಿಲ್ಲ. ಯಜಮಾನರು ಮೊದಲು ಮಲಗಿದರು.