ಮೂರನೇ ಭಾಷೆಗೆ ವಿನಾಯಿತಿಯಿಲ್ಲ

ನಮ್ಮ ಅರ್ಜಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವರದೊಂದು ಕಂಪ್ಯೂಟರ್ ಅಂಗಡಿ, ಅದಕ್ಕೆ ಅಂಟಿಕೊಂಡಂತೆ ನನ್ನದೊಂದು ಹೊಲಿಗೆ ಅಂಗಡಿ. ನಡುವೆ ಇರುವುದು ಪ್ಲೈವುಡ್ ಹಲಗೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತದೆ, ನಾನು ಗಿರಾಕಿಯನ್ನು ಬೈದುಕೊಂಡರೆ ಅವರಿಗೆ ಕೇಳಿಸುತ್ತದೆ. ಹನ್ನೊಂದು ವರ್ಷ ಹೀಗೇ ಬದುಕಿದ್ದೇವೆ.

ಸರ್ಕಾರಿ ಕೆಲಸಕ್ಕೆ ಅರ್ಜಿ ತುಂಬುವುದರಲ್ಲಿ ಮೇಷ್ಟ್ರು ಎತ್ತಿದ ಕೈ. ಅಧಿಸೂಚನೆ ಬಂದ ದಿನ ಅವರ ಮುಖ ನೋಡಬೇಕು, ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಾರೆ. ವಯೋಮಿತಿ, ಮೀಸಲಾತಿ, ಫೋಟೋದ ಅಳತೆ ಎಲ್ಲ ನಾಲಿಗೆಯ ತುದಿಯಲ್ಲಿ. ಕಡ್ಡಾಯ ಭಾಷಾ ಪತ್ರಿಕೆಯ ವಿಷಯವನ್ನಂತೂ ಅವರು ದಿನಕ್ಕೆ ಇಪ್ಪತ್ತು ಸಲ ಹೇಳಿ ನನಗೂ ಬಾಯಿಪಾಠ ಆಗಿಬಿಟ್ಟಿತ್ತು.

"ನೂರೈವತ್ತಕ್ಕೆ ಐವತ್ತು ಬಂದ್ರೆ ಪಾಸು. ಐವತ್ತು ಬಂದ್ರೂ ಅಷ್ಟೇ, ನೂರನಲವತ್ತು ಬಂದ್ರೂ ಅಷ್ಟೇ, ರ‍್ಯಾಂಕಿಗೆ ಸೇರಲ್ಲ. ಆದ್ರೆ ನಲವತ್ತೊಂಬತ್ತು ಬಂತೋ, ಉಳಿದ ಪತ್ರಿಕೇಲಿ ನೀವು ಆಕಾಶ ಮುಟ್ಟಿದ್ರೂ ಕೇಳೋರಿಲ್ಲ."

ಇನ್ನು ವಿನಾಯಿತಿ. ಹತ್ತನೇ ತರಗತಿಯಲ್ಲಿ ನಾಡಭಾಷೆಯನ್ನು ಒಂದನೇ ಅಥವಾ ಎರಡನೇ ಭಾಷೆಯಾಗಿ ಓದಿ ಪಾಸಾದವರು, ಆ ಭಾಷೆಯ ಮಾಧ್ಯಮದಲ್ಲೇ ಓದಿದವರು, ನೇಮಕಾತಿ ಆಯೋಗದ ಭಾಷಾ ಪರೀಕ್ಷೆಯನ್ನು ಹಿಂದೆಯೇ ಪಾಸು ಮಾಡಿದವರು, ಇವರು ಆ ವರ್ಷದ ಅಧಿಸೂಚನೆಯ ಪ್ರಕಾರ ಭಾಷಾ ಪತ್ರಿಕೆ ಬರೆಯಬೇಕಿರಲಿಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚುಕಡಿಮೆ ಎಲ್ಲರೂ ಅಂಥವರೇ. ಹಾಗಾಗಿ ಮೇಷ್ಟ್ರಿಗೆ ಒಂದು ಚಾಳಿ ಬಿದ್ದಿತ್ತು. "ಹತ್ತನೇಲಿ ಭಾಷೆ ಇತ್ತಾ?" ಎಂದು ಕೇಳುತ್ತಾ ಕೇಳುತ್ತಲೇ 'ವಿನಾಯಿತಿ ಕೋರುತ್ತೇನೆ' ಎನ್ನುವ ಕಡೆ 'ಹೌದು' ಒತ್ತಿಬಿಡುತ್ತಿದ್ದರು.

ಟೈಪಿಸ್ಟ್ ಒಬ್ಬಳು ಬಂದದ್ದು ಅರ್ಜಿಯ ಕೊನೆಯ ದಿನ. ಖಾಸಗಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮದುವೆಯಾದ ಹೆಣ್ಣುಮಗಳು. ವಯೋಮಿತಿಗೆ ಅದೇ ಅವಳ ಕಡೆಯ ವರ್ಷ. ಅಂಗಡಿಯ ಹೊರಗೆ ಸಾಲು ಬೀದಿಗೆ ಬಂದಿತ್ತು, ಇಂಟರ್‌ನೆಟ್ ಆಮೆಗಿಂತ ನಿಧಾನ. ಕರೆಂಟು ಹೋಗಿ ಬಂದು ನನ್ನ ಮಷೀನ್ ಕೆಟ್ಟು ಕೂತಿತ್ತು, ನಾನು ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದೆ.

"ಹತ್ತನೇಲಿ ಭಾಷೆ ಇತ್ತಾ?"

"ಇತ್ತು ಸರ್, ಆದ್ರೆ ಮೂರನೇ ಭಾಷೆ. ಅಪ್ಪಂಗೆ ಟ್ರಾನ್ಸ್‌ಫರ್ ಆಗ್ತಿತ್ತಲ್ಲ, ಶಾಲೆ ಬೇರೆ ಮಾಧ್ಯಮದ್ದು. ನಾನು ಪರೀಕ್ಷೆ ಬರೀತೀನಿ ಬಿಡಿ, ಐವತ್ತೇನು, ನೂರು ತೆಗೀತೀನಿ."

"ಮೂರನೇದೋ ಮುನ್ನೂರನೇದೋ, ಓದಿದ್ದೀರಲ್ಲಮ್ಮ! ಇಷ್ಟು ಚೆನ್ನಾಗಿ ಮಾತಾಡ್ತೀರಿ, ಸುಮ್ನೆ ಒಂದು ಪರೀಕ್ಷೆ ಜಾಸ್ತಿ ಯಾಕೆ?" ಎಂದು ನಕ್ಕು ಮೇಷ್ಟ್ರು 'ಹೌದು' ಒತ್ತಿದರು. ಸಾಲಿನಲ್ಲಿದ್ದವರೂ ನಕ್ಕರು. ಹಲಗೆಯ ಈಚೆ ನಾನೂ ನಕ್ಕೆ. ಅಷ್ಟು ದೊಡ್ಡ ನಿಪುಣರು ಹೇಳಿದ ಮೇಲೆ ಅವಳು ಇನ್ನೇನು ಹೇಳಿಯಾಳು? ಘೋಷಣೆಯ ಕೆಳಗೆ ಸಹಿ ಹಾಕಿ ಹೋದಳು.

ಪ್ರವೇಶ ಪತ್ರದಲ್ಲಿ ಭಾಷಾ ಪತ್ರಿಕೆ ಇರಲಿಲ್ಲ. ವಿನಾಯಿತಿ ಸಿಕ್ಕಿದೆಯೆಂದು ಅವಳೂ ನಂಬಿದಳು. ಉಳಿದ ಪತ್ರಿಕೆಗಳನ್ನು ಬರೆದಳು, ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ನಮ್ಮಿಬ್ಬರಿಗೂ ಸಿಹಿ ಕೊಟ್ಟು ಹೋದಳು.

ಮೂರು ವಾರಕ್ಕೆ ಅವಳು ಮತ್ತೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಮೂಲ ದಾಖಲೆಗಳ ಪರಿಶೀಲನೆಯಲ್ಲಿ ಅಂಕಪಟ್ಟಿ ನೋಡಿದ ಅಧಿಕಾರಿ, ಮೂರನೇ ಭಾಷೆಗೆ ವಿನಾಯಿತಿ ಇಲ್ಲ, ಭಾಷಾ ಪರೀಕ್ಷೆಯನ್ನೂ ಬರೆದಿಲ್ಲ, ಆದ್ದರಿಂದ ಅನರ್ಹ ಎಂದು ಬರೆದಿದ್ದರಂತೆ. ಅವಳ ಹಿಂದೆ ಅವಳ ಅತ್ತೆ ನಿಂತಿದ್ದರು. ಅಂಗಡಿಯಲ್ಲಿ ಏಳೆಂಟು ಜನ.

"ಸರ್, ನಾನು ಮೂರನೇ ಭಾಷೆ ಅಂತ ಹೇಳಿದ್ನಲ್ವಾ?"

ಮೇಷ್ಟ್ರು ಕಣ್ಣು ಪರದೆಯ ಕಡೆ ತಿರುಗಿಸಿದರು. ಆಮೇಲೆ, "ನೀವು ಹಾಗೆ ಹೇಳಿದ್ರೆ ನಾನು ಯಾಕಮ್ಮ ಒತ್ತಲಿ? ಈ ನಿಯಮ ನಂಗೆ ಗೊತ್ತಿಲ್ವಾ? ಪರೀಕ್ಷೆಗೆ ಹೆದ್ರಿ ಮುಚ್ಚಿಟ್ಟು, ಈಗ ನನ್ನ ತಲೆಗೆ ಕಟ್ತೀರಾ?" ಎಂದರು.

ಅವಳು ಹಲಗೆಯ ಈಚೆ ಇಣುಕಿದಳು. "ಅಕ್ಕಾ, ಅವತ್ತು ನೀವು ಇಲ್ಲೇ ಇದ್ರಿ. ಕೇಳಿಸ್ಕೊಂಡ್ರಿ ಅಲ್ವಾ?"

ಅವಳ ಅತ್ತೆಯೂ ನನ್ನ ಕಡೆ ನೋಡಿದರು. ಮೇಷ್ಟ್ರು ನೋಡಲಿಲ್ಲ. ಹನ್ನೊಂದು ವರ್ಷದ ನೆರೆ, ನನ್ನ ಮಗಳ ಕಾಲೇಜಿನ ಅರ್ಜಿಗೆ ಒಂದು ಕಾಸೂ ತೆಗೆದುಕೊಳ್ಳದ ಮನುಷ್ಯ, ನಾಳೆಯೂ ಮುಖ ನೋಡಬೇಕಾದ ಮನುಷ್ಯ. ಇದೆಲ್ಲ ಆಗ ತಲೆಗೆ ಬಂತು ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಏನೂ ಬರಲಿಲ್ಲ, ಬಾಯಿ ತಾನಾಗಿ ಆಡಿಬಿಟ್ಟಿತು.

"ಮಷೀನ್ ಓಡ್ತಿತ್ತಮ್ಮ, ನಂಗೇನೂ ಕೇಳಿಸ್ಲಿಲ್ಲ."

ಅವಳು ಜಗಳವಾಡಲಿಲ್ಲ. ಅತ್ತೆ, "ಸಾಕು ಬಾ, ಇನ್ನೂ ಎಷ್ಟು ಮರ್ಯಾದೆ ಕಳೀತೀಯ" ಎಂದು ತೋಳು ಹಿಡಿದು ಕರೆದುಕೊಂಡು ಹೋದರು.

ಅವತ್ತಿನಿಂದ ಮೇಷ್ಟ್ರು ಸೊರಗಿದರು. ಒಂದೊಂದು ಅರ್ಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, "ಒಂದನೇದಾ, ಎರಡನೇದಾ, ಮೂರನೇದಾ?" ಎಂದು ಕೇಳಿ, ಮತ್ತೆ ಕೇಳಿ, ಗಿರಾಕಿಗಳಿಗೆ ರೇಗುವಷ್ಟು ಕೇಳುತ್ತಿದ್ದರು. ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಮಧ್ಯಾಹ್ನದ ಟೀ ಒಟ್ಟಿಗೆ ಕುಡಿಯುವುದು ನಿಂತುಹೋಯಿತು.

ಎರಡು ತಿಂಗಳಾದ ಮೇಲೆ ಅವರೇ ಬಂದು ನನ್ನ ಕತ್ತರಿಯ ಪಕ್ಕ ಒಂದು ಕಾಗದ ಇಟ್ಟರು. ಅಭ್ಯರ್ಥಿ ಸರಿಯಾಗಿಯೇ ಹೇಳಿದ್ದರು, ತಪ್ಪು ಒತ್ತಿದ್ದು ತಾವೇ ಎಂದು ಆಯೋಗಕ್ಕೆ ಬರೆದುಕೊಟ್ಟಿದ್ದರಂತೆ. ಇದು ಅಲ್ಲಿಂದ ಬಂದ ಉತ್ತರ. ಅರ್ಜಿಯಲ್ಲಿರುವ ವಿವರಗಳಿಗೆ ಅಭ್ಯರ್ಥಿಯೇ ಹೊಣೆ, ಮರುಪರಿಶೀಲನೆಗೆ ಅವಕಾಶವಿಲ್ಲ.

"ಇದ್ರಿಂದ ಏನೂ ಆಗಲ್ಲ ಅಂತ ಗೊತ್ತಿತ್ತು ಅಕ್ಕ. ಆದ್ರೂ ಅವ್ರ ಮನೇಲಿ ಹೇಳ್ಬೇಕು. ಒಬ್ನೇ ಹೋಗೋಕೆ ಕಾಲು ಬರ್ತಿಲ್ಲ, ಜೊತೆಗೆ ಬರ್ತೀರಾ?"

ಹೋದೆವು. ಚಿಕ್ಕ ಮನೆ, ಒಗೆದ ಬಟ್ಟೆ ಕುರ್ಚಿಯ ಮೇಲೆ ರಾಶಿ. ಅತ್ತೆ ಬಟ್ಟೆ ಸರಿಸಿ ಕೂರಿಸಿದರು, ಆದರೆ ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು. "ನಿಮ್ಮ ಸೊಸೆ ಮೂರನೇ ಭಾಷೆ ಅಂತ ಬಾಯಿಬಿಟ್ಟು ಹೇಳಿದ್ರು. ನಾನು ನಕ್ಕು ಒತ್ತಿದೆ. ಆಮೇಲೆ ಜನರ ಮುಂದೆ ಸುಳ್ಳು ಹೇಳಿದೆ. ತಪ್ಪೆಲ್ಲ ನಂದು."

ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆ ಗೋಡೆ ನೋಡುತ್ತಿದ್ದಳು.

"ಕೆಲಸ ಹೋಯ್ತು, ಹೋಗ್ಲಿ ಸರ್," ಎಂದಳು. "ಎರಡು ತಿಂಗಳಿಂದ ಈ ಮನೇಲಿ ನಾನು ಸುಳ್ಳಿ. ಐವತ್ತು ಅಂಕಕ್ಕೆ ಹೆದರಿದವಳು. ಅವತ್ತೇ ಒಬ್ರು, ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು."

ಆ 'ಒಬ್ಬರು' ಯಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವರು ನನ್ನ ಹೆಸರು ಎತ್ತಲಿಲ್ಲ, ಇನ್ನೂ ತಲೆ ತಗ್ಗಿಸಿದರು. ನನ್ನ ಪಾಲಿನ ಅವಮಾನವನ್ನೂ ಅವರೇ ಹೊತ್ತು ನಿಂತರು. ಅದಕ್ಕಿಂತ ನಾಚಿಕೆಯ ಗಳಿಗೆ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವಳು ನನ್ನ ಹತ್ತಿರ ಬಂದಳು. ದನಿಯಲ್ಲಿ ಕೋಪವಿರಲಿಲ್ಲ, ನನಗೊಂದು ದಾರಿ ಬಿಟ್ಟುಕೊಡುವವಳಂತೆ ಕೇಳಿದಳು.

"ಅಕ್ಕಾ, ನೀವ್ಯಾಕೆ ಬಂದ್ರಿ?"

ಹೇಳಬಹುದಿತ್ತು. ಅತ್ತೆಯೂ ಅಲ್ಲೇ ಇದ್ದರು.

"ಸುಮ್ನೆ, ಮೇಷ್ಟ್ರಿಗೆ ಜೊತೆಯಾಗಿ ಬಂದೆ" ಎಂದೆ.

ಅವಳು ಹೂಂ ಎಂದು ಒಳಗೆ ಹೋದಳು.