ಹರಾಜು ಕೂಗುವವನು ಬಿದ್ದ ಬಗೆ

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಹರಾಜು ಕೂಗಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಏನು ಹೇಳಿದರೂ ಸ್ವಲ್ಪ ಏರಿಸಿಯೇ ಹೇಳುತ್ತಾನೆ. ಮನೆಯಲ್ಲೂ ಹಾಗೇ. "ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋಕೆ ಇಡೀ ಬೀದಿಗೆ ಕೇಳಿಸ್ಬೇಕಾ?" ಎಂದು ನನ್ನ ಹೆಂಡತಿ ಬಡಿಸುತ್ತಲೇ ಕೇಳುತ್ತಿದ್ದಳು. ಇಂಥ ನನ್ನನ್ನು ಹಿಡಿದು ನಮ್ಮ ಮಾರುಕಟ್ಟೆಯ ಸಾಹೇಬರು ಒಂದು ದಿನ, "ಏರಿಸಬೇಡಿ, ಇಳಿಸಬೇಡಿ, ಯಾರನ್ನೂ ದೂರಬೇಡಿ. ಬಿದ್ದದ್ದನ್ನ ಬಿದ್ದ ಹಾಗೇ ಬರೆದುಕೊಡಿ" ಎಂದುಬಿಟ್ಟರು. ಮುರಿದ ಕೈ ನೋವಿಗಿಂತ ಅದೇ ದೊಡ್ಡ ಸಂಕಟವಾಯಿತು.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಆಗಿನ್ನೂ ಕಂಪ್ಯೂಟರ್ ಹರಾಜು ಬಂದಿರಲಿಲ್ಲ. ರೈತರು ತಂದ ರೇಷ್ಮೆಗೂಡನ್ನು ಸಾಲುಸಾಲು ಜಾಲರಿಗಳಲ್ಲಿ ಸುರಿಯುತ್ತಿದ್ದರು. ನೂಲು ತೆಗೆಯುವ ರೀಲರುಗಳು ಗೂಡಿನೊಳಗೆ ಕೈ ತುರುಕಿ, ಒಂದೆರಡು ತೆಗೆದು ಕಿವಿಯ ಹತ್ತಿರ ಅಲುಗಿಸಿ, ಮುಖ ಸಿಂಡರಿಸಿ, ಚೆನ್ನಾಗಿಲ್ಲ ಎಂದು ಹೇಳಿ ಅದಕ್ಕೇ ಬೆಲೆ ಕೂಗುತ್ತಿದ್ದರು. ನಾನು ಚೀಟಿ ಪುಸ್ತಕ ಹಿಡಿದು ಜಾಲರಿಯಿಂದ ಜಾಲರಿಗೆ ನಡೆಯುತ್ತಿದ್ದೆ. ಹಿಂದೆ ಒಂದು ದಂಡೇ ಬರುತ್ತಿತ್ತು. ಆ ದಂಡಿನಲ್ಲಿ ಯಾವಾಗಲೂ ನನ್ನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದವನು ಒಬ್ಬ ರೀಲರ್. ಊರಿನ ಹಳೆಯ ಸಾಬರ ಮನೆತನ, ಮನೆಯ ಹಿಂದೆಯೇ ನೂಲು ತೆಗೆಯುವ ಒಲೆಗಳು. ನನಗಿಂತ ಚಿಕ್ಕವನು, ನನಗಿಂತ ದೊಡ್ಡ ಗಂಟಲು. ನಮ್ಮಿಬ್ಬರಿಗೂ ಜಗಳವಾಡದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಬೀಳುವ ಹಿಂದಿನ ದಿನವೂ ಆಡಿದ್ದೆವು. "ನಾನು ಕೂಗಿದ್ದು ಕೇಳಿಸ್ಲೇ ಇಲ್ವಾ ಸಾರ್? ಕಿವಿಗೆ ಏನಾದ್ರೂ ಗೂಡು ಕಟ್ಕೊಂಡಿದೆಯಾ?" ಎಂದು ಅವನು ಕೇಳಿದ. "ನಿನ್ನ ಗಂಟಲು ಕೇಳೀ ಕೇಳೀನೇ ಹಿಂಗಾಗಿದೆ ಕಣಯ್ಯಾ" ಎಂದೆ ನಾನು. ಸುತ್ತ ಇದ್ದವರೆಲ್ಲ ನಕ್ಕರು. ಅವನು ಮಾತ್ರ ನಗಲಿಲ್ಲ, "ನೋಡ್ಕೋತೀನಿ" ಎಂದು ಹೋದ. ಈ 'ನೋಡ್ಕೋತೀನಿ'ಯೇ ಮರುದಿನ ಅವನ ಕುತ್ತಿಗೆಗೆ ಬಂತು.

ಮರುದಿನ ನಾನು ದಿಬ್ಬೂರಹಳ್ಳಿ ಕಡೆಯ ಒಬ್ಬ ರೈತನ ಜಾಲರಿಯ ಹತ್ತಿರ ಹೋಗುತ್ತಿದ್ದೆ. ನಡೆಯುವ ಜಾಗದಲ್ಲಿ ಒಂದು ಗೂಡು ಬಿದ್ದಿತ್ತು. ಒಂದೇ ಒಂದು. ಬಲಗಾಲು ಅದರ ಮೇಲೆ ಇಳಿಯುವಷ್ಟರಲ್ಲಿ ಕಂಡಿತು. ತಟ್ಟನೆ ಕಾಲು ಮೇಲಕ್ಕೆತ್ತಿದೆ. ಎಡಗಾಲಿನ ಹವಾಯಿ ಚಪ್ಪಲಿ ಸವೆದು ನುಣ್ಣಗಾಗಿತ್ತು, ಜಾರಿತು. ಬಲಗೈ ಊರಿ ಬಿದ್ದೆ. ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಕಣ್ಣು ಬಿಟ್ಟಾಗ ಆ ಗೂಡು ನನ್ನ ಕಾಲ ಬುಡದಲ್ಲಿ ಕ್ಷೇಮವಾಗಿತ್ತು.

ಆದರೆ ನೋಡಿದವರು ಬೇರೇನನ್ನೋ ನೋಡಿದ್ದರು. ಬೀಳುವಾಗ ಆ ರೀಲರನ ಕೈ ನನ್ನ ಬೆನ್ನ ಮೇಲಿತ್ತಂತೆ. "ತಳ್ಳಿದ, ತಳ್ಳಿದ!" ಎಂದು ಯಾರೋ ಕೂಗಿದರು. ನಮ್ಮ ಮಾರುಕಟ್ಟೆಯಲ್ಲಿ ಒಬ್ಬ ಕೂಗಿದರೆ ಅದರ ಮೇಲೆ ಇನ್ನೊಬ್ಬ ಕೂಗಲೇಬೇಕು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನು ನನ್ನನ್ನು ಎತ್ತಿ ಒಗೆದಿದ್ದಾನೆ ಎನ್ನುವವರೆಗೆ ಏರಿತ್ತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, "ಹೇಗಾಯ್ತು?" ಎಂದು ಕೇಳಿದರು. ಜೊತೆಗೆ ಬಂದಿದ್ದ ನಮ್ಮ ಆಫೀಸಿನ ಗೆಳೆಯ, "ತಳ್ಬಿಟ್ರು ಮೇಡಂ" ಎಂದ.

"ಬಿದ್ದವರು ಹೇಳ್ಲಿ ಅಪ್ಪಾ. ಬೇರೆಯವರು ತಳ್ಳಿದ್ರು ಅಂದ್ರೆ ನಾನು ಪೊಲೀಸ್ ಸ್ಟೇಷನ್‌ಗೆ ತಿಳಿಸ್ಬೇಕಾಗುತ್ತೆ."

"ಕಾಲು ಜಾರಿ ಬಿದ್ದೆ ಮೇಡಂ, ಕೆಲಸ ಮಾಡ್ತಾ" ಎಂದೆ. ಅವರು ಅಷ್ಟನ್ನೇ ಬರೆದುಕೊಂಡರು. ಎಕ್ಸ್‌ರೇ ತೆಗೆಸಿ, ಮೂಳೆ ಕೂರಿಸಿ, ಮೊಣಕೈವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. ಗೂಡಿನ ವಿಷಯ ನಾನು ಬಾಯಿ ಬಿಡಲಿಲ್ಲ. ಗೂಡಿನ ಮಧ್ಯೆಯೇ ದುಡಿಯುವ ಗಂಡಸು ಒಂದು ಗೂಡಿಗೆ ಹೆದರಿ ಬಿದ್ದ ಎಂದರೆ ಮರ್ಯಾದೆ ಉಳಿಯುತ್ತದೆಯೇ?

ಸಾಹೇಬರು ಆಗಷ್ಟೇ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದರು. ಮಾತು ಅವರ ಕಿವಿಗೂ ಬಿತ್ತು. ಸಿಬ್ಬಂದಿಯ ಮೇಲೆ ಕೈ ಮಾಡಿದರೆ ರೀಲರ್ ಲೈಸೆನ್ಸು ಅಮಾನತಾಗುತ್ತದೆ. ನನ್ನ ಹೇಳಿಕೆ ಬರುವವರೆಗೆ ಹರಾಜಿಗೆ ಬರಬೇಡ ಎಂದು ಅವನಿಗೆ ಬಾಯಲ್ಲೇ ಹೇಳಿ ಕಳಿಸಿದರು. ಗೂಡು ಕೊಳ್ಳಲಾಗದಿದ್ದರೆ ಅವನ ಒಲೆ ಉರಿಯುವುದಿಲ್ಲ, ಅಲ್ಲಿ ನೂಲು ತೆಗೆಯುವ ಹೆಂಗಸರು ಮನೆಗೆ ಹೋಗಬೇಕು. ಹೀಗೆ ಅವನ ಮನೆಯ ಬೆಂಕಿ ನನ್ನ ಎಡಗೈ ರುಜುವಿಗೆ ಬಂದು ನಿಂತಿತು.

ಬರೆಯುವುದು ಹೇಗೆ? ಬಲಗೈ ಬಿಳಿ ಕಂಬವಾಗಿತ್ತು. ಹೆಂಡತಿ ಪೆನ್ನು ಹಿಡಿದು ಕೂತಳು. ನಾನು ಗಂಟಲು ಸರಿಮಾಡಿಕೊಂಡೆ.

"ಬರಿ. ಜನಸಾಗರದ ನಡುವೆ, ಪ್ರಾಣದ ಹಂಗು ತೊರೆದು ಕರ್ತವ್ಯ ನಿರ್ವಹಿಸುತ್ತಿರುವಾಗ..."

ಪೆನ್ನು ಅಲ್ಲಾಡಲಿಲ್ಲ. "ರೀ, ಗೂಡು ಮಾರೋಕೆ ಹೋಗಿದ್ರೋ, ಗಡಿ ಕಾಯೋಕೋ?"

"ಸರಿ, ಅದು ಬಿಡು. ಭಯಂಕರ ಸದ್ದಿನೊಂದಿಗೆ ನೆಲಕ್ಕಪ್ಪಳಿಸಿ..."

"ಭಯಂಕರ ಸದ್ದು ಮಾಡಿದ್ದು ಮೂಳೇನೋ ನೀವೋ?"

ಸಿಟ್ಟು ಬಂತು. ನೋವಿನಲ್ಲಿರುವವನನ್ನು ಹೀಗೆ ಆಡಿಕೊಳ್ಳುವುದೇ ಎಂದು ಮುಖ ತಿರುಗಿಸಿಕೊಂಡೆ. ಅವಳು ಕಾಫಿ ತಂದುಕೊಟ್ಟು, ತಾನೇ ಒಂದೊಂದಾಗಿ ಕೇಳತೊಡಗಿದಳು. ಯಾವ ಕಡೆಗೆ ನಡೀತಿದ್ರಿ? ಕೈಯಲ್ಲಿ ಏನಿತ್ತು? ಕಾಲಿಗೆ ಏನು ಹಾಕಿದ್ರಿ? ನೆಲ ಒದ್ದೆಯಿತ್ತಾ? ಪೊಲೀಸರೂ ಇಷ್ಟು ಕೇಳುವುದಿಲ್ಲ. ಕೊನೆಗೆ, "ಯಾಕೆ ಜಾರಿದ್ರಿ?" ಎಂದಾಗ ಬೇರೆ ದಾರಿಯಿಲ್ಲದೆ ಗೂಡಿನ ವಿಷಯ ಹೇಳಿದೆ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಅಯ್ಯೋ, ತುಳೀಲಿಲ್ಲ ತಾನೇ?" ಎಂದಳು. ಅವಳು ಜಂಗಮಕೋಟೆ ಕಡೆಯವಳು, ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವಳು. ನನ್ನ ಮಣಿಕಟ್ಟಿಗಿಂತ ಆ ಗೂಡಿನ ಆರೋಗ್ಯ ಮೊದಲು ವಿಚಾರಿಸಿಕೊಂಡಳು.

"ಅದನ್ನೂ ಬರೀಬೇಕು" ಎಂದಳು.

"ಊರೆಲ್ಲಾ ನಗುತ್ತೆ ಕಣೇ."

"ನಗ್ಲಿ ಬಿಡಿ. ಬೆನ್ನಿಗೆ ಕೈ ತಾಗಿತಾ?"

ನಿಜವಾಗಿ ಗೊತ್ತಿರಲಿಲ್ಲ. ಏನೋ ತಾಗಿತ್ತು. ಜಾರುವ ಮೊದಲೋ, ಆಮೇಲೋ? ಇಷ್ಟು ಜನ ತಳ್ಳಿದ ಎನ್ನುತ್ತಿದ್ದಾಗ ನನಗೂ ಹಾಗೇ ಅನ್ನಿಸತೊಡಗಿತ್ತು. ಅವನು 'ನೋಡ್ಕೋತೀನಿ' ಎಂದದ್ದೂ ನೆನಪಿಗೆ ಬರುತ್ತಿತ್ತು.

ಅವಳು ಎದ್ದುಹೋಗಿ, ಒಗೆಯಲು ಹಾಕಿದ್ದ ನನ್ನ ಅಂಗಿ ತಂದಳು. ಕಾಲರು ಹಿಂದುಗಡೆ ಹೊಲಿಗೆ ಬಿಟ್ಟು ಹರಿದು ನೇತಾಡುತ್ತಿತ್ತು. ಕತ್ತಿನ ಹತ್ತಿರದ ಗುಂಡಿ ಕಿತ್ತುಹೋಗಿತ್ತು.

"ತಳ್ಳಿದ್ರೆ ಕಾಲರು ಹರಿಯುತ್ತಾ? ಇದು ಎಳೆದಿರೋದು."

ಆಗ ಕತ್ತಿನ ಆ ಬಿಗಿತ ನೆನಪಾಯಿತು. ಬೀಳುವಾಗ ಗಂಟಲು ಹಿಸುಕಿದಂತಾಗಿ ಕೂಗಲೂ ಆಗಿರಲಿಲ್ಲ. ಬಿದ್ದಾಗ ನಾನು ಭಯಂಕರ ಸದ್ದು ಮಾಡಿರಲಿಲ್ಲ ಎಂದು ಹೆಂಡತಿಗೆ ತಿಳಿದದ್ದೂ ಆಗಲೇ.

ಅವಳು ಬರೆದದ್ದು ಇಷ್ಟೇ: "ನಾನು ಜಾಲರಿಗಳ ನಡುವೆ ಹರಾಜು ಕೂಗಲು ನಡೆಯುತ್ತಿದ್ದೆ. ನೆಲ ಒಣಗಿತ್ತು. ದಾರಿಯಲ್ಲಿ ಒಂದು ಗೂಡು ಬಿದ್ದಿತ್ತು. ಚಪ್ಪಲಿ ಕಾಲಿನಲ್ಲಿ ತುಳಿಯಬಾರದೆಂದು ಬಲಗಾಲು ಎತ್ತಿದೆ. ಸವೆದ ಎಡ ಚಪ್ಪಲಿ ಜಾರಿತು. ಮುಂದಕ್ಕೆ ಬಲಗೈ ಊರಿ ಬಿದ್ದೆ. ಬೀಳುವಾಗ ಅಂಗಿಯ ಕಾಲರನ್ನು ಯಾರೋ ಹಿಂದಕ್ಕೆ ಎಳೆದ ಹಾಗಾಯಿತು. ಯಾರೆಂದು ನಾನು ನೋಡಲಿಲ್ಲ. ಯಾರೂ ತಳ್ಳಿದ ಅನುಭವ ನನಗಾಗಲಿಲ್ಲ. ಅಂಗಿಯನ್ನು ತಂದಿದ್ದೇನೆ." ಕೆಳಗೆ ಎಡಗೈಯಲ್ಲಿ ರುಜು ಹಾಕಿದೆ. ಎರೆಹುಳ ಹರಿದಂತಿತ್ತು.

ಮರುದಿನ ಸಾಹೇಬರ ಕೋಣೆಯಲ್ಲಿ ನಾನು, ರೀಲರ್, ನೋಡಿದವರೆಂದು ಕರೆಸಿದ್ದ ದಿಬ್ಬೂರಹಳ್ಳಿಯ ರೈತ ಮತ್ತು ಮಾರುಕಟ್ಟೆ ಗುಡಿಸುವ ಆಯಮ್ಮ ನಿಂತಿದ್ದೆವು. ರೀಲರ್ ನನ್ನ ಮುಖ ನೋಡಲಿಲ್ಲ. ಗಡ್ಡ ಕೆರೆದುಕೊಳ್ಳುತ್ತ ಕಿಟಕಿಯ ಕಡೆ ತಿರುಗಿದ್ದ.

ಸಾಹೇಬರು ಹೇಳಿಕೆಯನ್ನು ಜೋರಾಗಿ ಓದಿದರು. ಗೂಡಿನ ಸಾಲು ಬಂದಾಗ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನ್ರೀ ಇದು? ಒಂದು ಗೂಡಲ್ವಾ? ತುಳಿದುಕೊಂಡು ಹೋಗಿದ್ರೆ ಆಗ್ತಿತ್ತಪ್ಪ."

"ಅಯ್ಯಯ್ಯೋ!" ಎಂದಳು ಆಯಮ್ಮ.

"ಲಕ್ಷ್ಮೀನಿ ತೊಕ್ಕುತಾರಾ ಸಾರ್?" ಎಂದ ರೈತ. ಲಕ್ಷ್ಮಿಯನ್ನು ತುಳಿಯುವುದುಂಟೇ ಎಂದು ಕೇಳಲು ಗಾಬರಿಯಲ್ಲಿ ತೆಲುಗಿಗೇ ಇಳಿದಿದ್ದ.

"ರೋಜಿ ಸಾರ್ ಅದು, ಅನ್ನ. ಕಾಲಲ್ಲಿ ಹೆಂಗೆ ತುಳಿಯೋದು?" ಎಂದ ರೀಲರ್. ಅಂದು ಅವನು ಆಡಿದ ಮೊದಲ ಮಾತು ಅದು.

ಸಾಹೇಬರು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ತಾವೇ ಏನೋ ತುಳಿದವರಂತೆ ಮೇಜಿನ ಕೆಳಗೆ ಕಾಲು ಎಳೆದುಕೊಂಡರು. ಅಂಗಿಯನ್ನು ಹಿಂದುಮುಂದು ತಿರುಗಿಸಿ, ಹರಿದ ಜಾಗ ನೋಡಿ, ರೀಲರನ್ನು ಕೇಳಿದರು: "ಕಾಲರು ಹಿಡಿದದ್ದು ನೀವಾ?"

"ಹೌದು ಸಾರ್."

"ಹಂಗಿದ್ರೆ ಮೊದಲೇ ಹೇಳೋದಲ್ವಾ?"

"ಹಿಂದಿನ ದಿನ ತಾನೇ ಜಗಳ ಆಡಿದ್ದೆ. ಹಿಡಿಯೋಕೆ ಹೋದೆ ಅಂದ್ರೆ ಯಾರು ನಂಬ್ತಾರೆ ಸಾರ್?"

ಸಾಹೇಬರು ಹೇಳಿಕೆಯ ಮೇಲೆ ಎರಡು ಸಾಲು ಬರೆದು, ಇವತ್ತಿಂದಲೇ ಹರಾಜಿಗೆ ಬರಬಹುದು ಎಂದರು. ಹೊರಗೆ ಬಂದಾಗ ನನಗೆ ಹೇಳಲಾಗದಷ್ಟು ಹಗುರವಾಗಿತ್ತು. ಆದರೆ ಹಾಗೆಂದು ಅವನಿಗೆ ಹೇಳುವುದುಂಟೇ? ನಮ್ಮ ನಡುವೆ ಅಂಥ ಅಭ್ಯಾಸವಿರಲಿಲ್ಲ.

"ಇಷ್ಟು ದಪ್ಪ ತೋಳಿಟ್ಟುಕೊಂಡು ಒಬ್ಬ ಬಡಪಾಯೀನ ಹಿಡಿಯೋಕಾಗ್ಲಿಲ್ವಲ್ಲ ನಿಂಗೆ?" ಎಂದೆ. "ನನ್ನ ಕೈನೂ ಹೋಯ್ತು, ಅಂಗೀನೂ ಹೋಯ್ತು."

ಅವನು ನನ್ನ ಪಟ್ಟಿ ಹಾಕಿದ ಕೈ ನೋಡಿದ. ಆಮೇಲೆ ಮೆಲ್ಲಗೆ, ಅವನ ಗಂಟಲಿನಲ್ಲಿ ನಾನು ಎಂದೂ ಕೇಳಿರದಷ್ಟು ಮೆಲ್ಲಗೆ, ಹೇಳಿದ:

"ಹಿಡೀತಿದ್ದೆ ಅಣ್ಣ. ಆದ್ರೆ ನೀನು ದಾಟಿಬಿಟ್ಟ ಗೂಡು ಅಷ್ಟರಲ್ಲಿ ನನ್ನ ಕಾಲ ಕೆಳಗೆ ಬಂತು. ನಾನೂ ಒಂದೇ ಕಾಲಲ್ಲಿ ನಿಂತಿದ್ದೆ."